ನೀಲಿ ಬಿಲ್ಲೆಯ ಪರೀಕ್ಷೆ

ಬೀದಿಯವರೆಲ್ಲ ಅವಳನ್ನು ಭೂತಗನ್ನಡಿ ಅಕ್ಕ ಎನ್ನುತ್ತಿದ್ದರು. ಕೆಟ್ಟುಹೋದ ರೇಡಿಯೊ, ಟೀವಿ, ಬಟ್ಟೆ ಒಗೆಯುವ ಯಂತ್ರಗಳ ಹೊಟ್ಟೆ ಬಿಚ್ಚಿ ಮೂವತ್ತೆಂಟು ವರ್ಷ ಕಳೆದವಳು. ಬೋರ್ಡಿನ ಮೇಲಿನ ಯಾವ ತುಣುಕನ್ನು ತೋರಿಸಿದರೂ ಹೆಸರು ಹೇಳುತ್ತಿದ್ದಳು. ಗೊತ್ತಿಲ್ಲ ಎನ್ನುವ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಕೇಳಿದ್ದರೂ ಹೊರಗೆ ಹೇಳುವ ಧೈರ್ಯ ಅವರಿಗಿರಲಿಲ್ಲ ಅನ್ನಿ.

ಭೂತಗನ್ನಡಿ ಮಾತ್ರ ಈಚೆಗೆ ಬರೀ ಅಲಂಕಾರಕ್ಕಿತ್ತು. ಕಣ್ಣು ಮಸುಕಾಗಿದ್ದನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ. ಹೋದ ವಾರ ಒಂದು ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟಿಗಳಲ್ಲಿ ಮೂರನೆಯದು ಕೆಂಪೋ ಕಿತ್ತಳೆಯೋ ತಿಳಿಯದೆ, ಒಂದು ಕಿಲೋ ಓಮ್ ಹಾಕಬೇಕಾದಲ್ಲಿ ಹತ್ತು ಕಿಲೋ ಓಮಿನದನ್ನು ಬೆಸೆದುಬಿಟ್ಟಳು. ಯಾರದೋ ಮನೆಯ ನೀರಿನ ಪಂಪು ನಿಲ್ಲದೆ ಓಡಿ, ಟ್ಯಾಂಕು ತುಂಬಿ ಹರಿದು, ಕೆಳಮನೆಯವರ ಹಾಸಿಗೆ ತೋಯ್ದಿತು.

ಅಂಗಡಿಯಲ್ಲಿ ಪಾಲುದಾರನಾದ ತಮ್ಮನಿಗೆ ಅಷ್ಟೇ ಸಾಕಾಯಿತು. ಐವತ್ತು ದಾಟಿದ್ದರೂ ಅವನಿಗೆ ಅಕ್ಕನ ಮೇಜಿನ ಮೇಲೆ ಚಿಕ್ಕಂದಿನಿಂದಲೂ ಕಣ್ಣು. ಅಕ್ಕ ಇನ್ನು ಮುಂದೆ ಬಾಗಿಲ ಬಳಿ ಕೂತು ರಸೀದಿ ಬರೆಯಲಿ, ಬೆಸುಗೆ ತಾನು ನೋಡಿಕೊಳ್ಳುತ್ತೇನೆ ಎಂದ. ಆ ಮೇಜು ಬಿಟ್ಟರೆ ತಾನು ಯಾರು ಎಂಬುದೇ ಅಕ್ಕನಿಗೆ ಗೊತ್ತಿರಲಿಲ್ಲ. ಆದರೂ ಮುಖ ಗಂಟಿಕ್ಕಿ, ಪರೀಕ್ಷೆ ಮಾಡಿ ನೋಡು ಅಂದಳು. ಅಳೆಯುವ ಮೀಟರು ಮುಟ್ಟಬಾರದು, ಒಂದು ತುಣುಕಿನ ಹೆಸರು ಹೇಳಬೇಕು, ತಪ್ಪಿದರೆ ರಸೀದಿ ಪುಸ್ತಕ ಎಂದು ಒಪ್ಪಂದವಾಯಿತು.

ಮರುದಿನ ತಮ್ಮ ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಬೋರ್ಡು ತಂದಿಟ್ಟು, ಕರೆಂಟು ಒಳಬರುವ ಮೂಲೆಯಲ್ಲಿದ್ದ ನೀಲಿ ಬಿಲ್ಲೆಯನ್ನು ತೋರಿಸಿದ. ಅವನ ಮುಖದಲ್ಲಿ ಹಾಲು ಕುಡಿದ ಬೆಕ್ಕಿನ ಕಳೆ.

ಅಕ್ಕ ಭೂತಗನ್ನಡಿ ಎತ್ತಿ, ನೋಡಿದ ಹಾಗೆ ಮಾಡಿದಳು. ಬಿಲ್ಲೆಯ ಮೇಲಿನ ಅಕ್ಷರ ಇರುವೆ ಸಾಲಿನಷ್ಟೂ ಕಾಣಲಿಲ್ಲ. ಆದರೆ ಜಾಗ ಗೊತ್ತಾಯಿತು. ಫ್ಯೂಸು ದಾಟಿದ ಕೂಡಲೇ, ಕರೆಂಟಿನ ಎರಡು ದಾರಿಗಳಿಗೆ ಅಡ್ಡಲಾಗಿ ಕೂತ ನೀಲಿ ಬಿಲ್ಲೆ ಎಂದರೆ ವೇರಿಸ್ಟರೇ ಇರಬೇಕು. ಕರೆಂಟು ಏಕಾಏಕಿ ಉಕ್ಕಿದರೆ ತಾನು ಅಡ್ಡ ಬಿದ್ದು, ಫ್ಯೂಸು ಸುಡಿಸಿ, ಬೋರ್ಡು ಉಳಿಸುವ ತುಣುಕು. ಆ ಹೆಸರು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ತಮ್ಮ ಉಸಿರು ಬಿಗಿಹಿಡಿದದ್ದು ಕೇಳಿಸಿ, ಇಷ್ಟು ಸುಲಭದ ಪ್ರಶ್ನೆ ಕೇಳುವ ಒಳ್ಳೆಯತನ ಇವನಿಗೆ ಯಾವಾಗ ಬಂತು ಎಂದು ಅನುಮಾನ ಹುಟ್ಟಿತು.

ಕನ್ನಡಿ ಕೆಳಗಿಟ್ಟು ಹೆಬ್ಬೆರಳು ಆಡಿಸಿದಳು. ಬಿಲ್ಲೆ ವೇರಿಸ್ಟರಿಗೆ ತೀರಾ ತೆಳು. ಬೋರ್ಡಿನ ಮೇಲೆ ಇದಕ್ಕೆಂದು ಬಳಿದ ಬಿಳಿ ಗುರುತು ಮಸುಕು ಕಣ್ಣಿಗೂ ಕಾಣುವಷ್ಟು ದೊಡ್ಡದು, ಕೂತದ್ದು ಅದರ ಅರ್ಧದಷ್ಟೂ ಇಲ್ಲ. ದೂರದೂರದ ತೂತುಗಳನ್ನು ಮುಟ್ಟಲು ಕಾಲುಗಳನ್ನು ಅಗಲಿಸಿಕೊಂಡು ನಿಂತಿದೆ. ಬೋರ್ಡು ಮಗುಚಿ ಬೆಸುಗೆ ಮುಟ್ಟಿದರೆ ಬೆರಳಿಗೆ ಅಂಟಂಟು, ಹಳೆಯ ಬೋರ್ಡಿಗೆ ಹೊಸ ಬೆಸುಗೆ.

“ಜಾಗ ವೇರಿಸ್ಟರಿಂದು. ಮೈ ಕೆಪಾಸಿಟರಿಂದು. ಬೆಸುಗೆ ನಿಂದು,” ಎಂದಳು ಅಕ್ಕ.

ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತಾನು ಚಾಪೆ ಕೆಳಗೆ ತೂರಿದರೆ ಅಕ್ಕ ರಂಗೋಲಿ ಕೆಳಗೆ ತೂರುವವಳು ಎಂಬುದನ್ನು ಅವನು ಮರೆತಿದ್ದ. ಆದರೂ ಸೋಲೊಪ್ಪದೆ, ಬೆರಳಲ್ಲಿ ಹೇಳಿದ್ದು ಸಾಲದು, ಮೇಲಿನ ಗುರುತೂ ಬೇಕು ಎಂದು ಹಟ ಹಿಡಿದ.

ಅಕ್ಕ ಬೋರ್ಡನ್ನು ಅವನತ್ತಲೇ ತಳ್ಳಿದಳು. “ಹಾಗಾದ್ರೆ ನೀನೇ ಓದು. ಸರಿಯೋ ತಪ್ಪೋ ನಾನು ಹೇಳ್ತೀನಿ.”

ತಮ್ಮ ಬೋರ್ಡನ್ನು ಹತ್ತಿರ ಹಿಡಿದ, ದೂರ ಹಿಡಿದ, ಬಾಗಿಲ ಬೆಳಕಿಗೆ ಒಯ್ದ. ಕೊನೆಗೆ ಅದನ್ನು ಪಕ್ಕದ ಅಂಗಡಿಯ ಟೈಲರ್ ಕೈಗೆ ಕೊಟ್ಟ. ದಿನಕ್ಕೆ ನೂರು ಸಲ ಸೂಜಿಗೆ ದಾರ ಪೋಣಿಸುವ ಮನುಷ್ಯ, ಹೊಲಿಗೆ ಯಂತ್ರದಿಂದ ಏಳದೆಯೇ ಓದಿದ.

“ನಾಲ್ಕು, ಏಳು, ಒಂದು. ಕೆಳಗೆ ಒಂದು ಕೆ.ವಿ. ಬೆಳಿಗ್ಗೆಯೂ ಇದನ್ನೇ ಓದಿ ಹೇಳಿದ್ನಲ್ಲಣ್ಣ?”

ಅಕ್ಕ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಇಂಥ ಜಾಗದ ವೇರಿಸ್ಟರಿನ ಮೇಲೂ ನಾಲ್ಕು ಏಳು ಒಂದು ಇರುತ್ತದೆ, ಆದರೆ ಅದರ ಮುಂದೆ ಬಿಲ್ಲೆಯ ಅಗಲ ಹೇಳುವ ಹತ್ತೋ ಹದಿನಾಲ್ಕೋ, ಜೊತೆಗೊಂದು ಡಿ ಇರುತ್ತದೆ. ಅಲ್ಲಿ ಆ ಅಂಕಿಗೆ ನಾನೂರ ಎಪ್ಪತ್ತು ವೋಲ್ಟ್ ಎಂದರ್ಥ. ಇದು ನಾನೂರ ಎಪ್ಪತ್ತು ಪಿಕೋಫ್ಯಾರಡ್, ಸಾವಿರ ವೋಲ್ಟ್ ತಾಳುವ ಕೆಪಾಸಿಟರ್. ಅವಳು ಅದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ, ತಮ್ಮನನ್ನೇ ನೋಡಿದಳು.

“ಎಷ್ಟು ದಿನದಿಂದ ಇವನ ಹತ್ರ ಓದಿಸ್ತಿದ್ದೀಯೋ?”

“ಎರಡು ವರ್ಷ,” ಎಂದ ತಮ್ಮ, ನೆಲ ನೋಡುತ್ತ.

ಗೆದ್ದ ಖುಷಿಗೆ ಅಕ್ಕ ಎರಡು ಮಾತು ಜಡಿಯಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಬಂದದ್ದು ಬೇರೆ ಮಾತು.

“ಹೋದ ವಾರದ ಕೆಂಪು ನನಗೂ ಕಾಣಲಿಲ್ಲ ಕಣೋ.”

ತಮ್ಮ ತಲೆ ಎತ್ತಿದ. ಇಬ್ಬರೂ ನಕ್ಕದ್ದು ನೋಡಿ ಟೈಲರ್ ಹೊಲಿಗೆ ನಿಲ್ಲಿಸಿದ. ನಿಮ್ಮಿಬ್ಬರಿಗೆ ಓದಿ ಹೇಳುತ್ತ ಕೂತರೆ ಗಿರಾಕಿಗಳ ಅಂಗಿಗೆ ಗುಂಡಿ ಹೊಲಿಯುವವರು ಯಾರು, ಕನ್ನಡಕದಂಗಡಿ ಬೀದಿಯ ಕೊನೆಯಲ್ಲೇ ಇದೆ ಎಂದು ಗದರಿದ.

ಅಕ್ಕ ಅಂಗಡಿಗೆ ಬೀಗ ಹಾಕಿ, ತಮ್ಮನ ಜೊತೆ ಬೀದಿಯ ಕೊನೆಗೆ ಹೊರಟಳು. ಬೀಗ ಹಾಕುವ ಮೊದಲು ರಸೀದಿ ಪುಸ್ತಕವನ್ನು ತಮ್ಮನ ಕುರ್ಚಿಯ ಮೇಲಿಟ್ಟು ಬರುವುದನ್ನು ಮಾತ್ರ ಮರೆಯಲಿಲ್ಲ.