ದೊಡ್ಡಮ್ಮನ ಜಿಪ್ಪುಗಳ ಲೆಕ್ಕ

ನಮ್ಮ ದೊಡ್ಡಮ್ಮ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುವವಳು. ಮಾತಿಗೆ ಮಾತ್ರ ಒಂದು ಸಲವೂ ಅಳತೆ ಇಲ್ಲ. ಅಮ್ಮನ ಅಕ್ಕ ಅಂತ ನಾನು ಎದುರು ಮಾತಾಡಲು ಹೆದರುತ್ತೇನೆ. ಉಳಿದವರು ಅವಳ ಕತ್ತರಿಗೆ ಹೆದರುತ್ತಾರೆ. ಇಡೀ ಬೀದಿಗೆ ಅವಳು ಕತ್ತರಿ ದೊಡ್ಡಮ್ಮ.

ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದ ಮೇಜು. ಪರದೆ, ಹಾಸಿಗೆ ಹೊದಿಕೆ, ಏಪ್ರನ್ ಹೊಲಿಯುತ್ತಾಳೆ. ಕಳೆದ ವರ್ಷ ಅಂಗಡಿಯನ್ನು ಅವಳ ಹೆಸರಿನಲ್ಲಿ ನೋಂದಾಯಿಸಿದೆವು. ಈ ವರ್ಷ ಮೊದಲ ಸಲ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಿತ್ತು. ಅಷ್ಟರಲ್ಲಿ ಊರಿನ ಆಸ್ಪತ್ರೆಯವರು ತಮ್ಮ ಹೊದಿಕೆ, ಏಪ್ರನ್ನುಗಳನ್ನೆಲ್ಲ ಹೊಲಿಸಲು ಅರ್ಜಿ ಕರೆದರು. ಷರತ್ತು ಎರಡು: ಸಲ್ಲಿಸಿದ ರಿಟರ್ನಿನ ಪ್ರತಿ ಬೇಕು, ಅದರಲ್ಲಿ ವರ್ಷದ ವ್ಯಾಪಾರ ಅವರು ಹೇಳಿದ ಮಟ್ಟಕ್ಕಿಂತ ಕಡಿಮೆ ಇರಬಾರದು. ಅರ್ಜಿ ಹಾಕಲು ತಿಂಗಳ ಕೊನೆಯೇ ಗಡುವು.

"ಈ ಆರ್ಡರ್ ನನಗೆ ಸಿಗಲೇಬೇಕು ಕಣೇ," ಅಂದಳು ದೊಡ್ಡಮ್ಮ. "ಸಿಕ್ಕರೆ ಮೂರನೇ ಮಿಷನ್ನು, ಒಬ್ಬಳಿಗೆ ಕೆಲಸ. ಇಲ್ಲದಿದ್ದರೆ ಸಾಯೋವರೆಗೂ ನಿಮ್ಮ ದೊಡ್ಡಪ್ಪನ ಬಾಯಲ್ಲಿ ಟೈಂಪಾಸ್ ಹೊಲಿಗೆಯವಳು."

ದೊಡ್ಡಪ್ಪ ಬಸ್ ಓಡಿಸಿ ನಿವೃತ್ತರಾದವರು. ಪೇಪರ್ ಮರೆಯಿಂದ, "ಹಾಸಿಗೆ ಇದ್ದಷ್ಟು ಕಾಲು ಚಾಚು," ಅಂದರು.

"ಹಾಸಿಗೆ ಹೊಲಿಯೋಳೇ ನಾನು. ಉದ್ದ ಮಾಡ್ಕೋತೀನಿ!"

ರಿಟರ್ನ್ ಮಾಡಿಸಲು ಆಡಿಟರ್ ಹತ್ತಿರ ಹೋಗೋಣ ಎಂದು ನಾನು ಸ್ಕೂಟರ್ ತೆಗೆದೆ.

ಆಡಿಟರ್ ಕಚೇರಿ ಸೈಕಲ್ ಅಂಗಡಿಯ ಮಹಡಿ ಮೇಲೆ. ಆಡಿಟರ್ ಅಂದರೆ ಬೋಳುತಲೆ, ದಪ್ಪ ಕನ್ನಡಕ ಅಂದುಕೊಂಡಿದ್ದೆ. ಕೂತಿದ್ದವಳು ನನಗಿಂತ ಚಿಕ್ಕ ಹುಡುಗಿ. ದೊಡ್ಡಮ್ಮ ಆಗಲೇ ಅವಳನ್ನು ಆಡಿಟರಮ್ಮ ಮಾಡಿಬಿಟ್ಟಿದ್ದಳು. ಆಕೆ ಎರಡು ಪುಟದ ಪತ್ರ ಮುಂದಿಟ್ಟಳು.

"ಕೆಲಸ ಶುರು ಮಾಡೋಕೆ ಮುಂಚೆ ಇದಕ್ಕೆ ನೀವೂ ನಾನೂ ಸಹಿ ಹಾಕಬೇಕು. ಪೂರ್ತಿ ಓದಿ, ಆಮೇಲೆ ಹಾಕಿ."

ದೊಡ್ಡಮ್ಮ ಗಟ್ಟಿಯಾಗಿ ಓದಿದಳು. ಏನೇನು ತರಬೇಕು: ನೋಂದಣಿ ಪತ್ರ, ಬಿಲ್ ಪುಸ್ತಕ, ಬಟ್ಟೆ ಮತ್ತು ಸಾಮಾನು ಕೊಂಡ ಬಿಲ್ಲುಗಳು, ಕರೆಂಟ್ ಬಿಲ್, ಹೆಸರಿನಲ್ಲಿರುವ ಎಲ್ಲಾ ಬ್ಯಾಂಕ್ ಖಾತೆಗಳ ವಿವರ, ವರ್ಷದ ಕೊನೆಯಲ್ಲಿ ಉಳಿದ ಬಟ್ಟೆಯ ಪಟ್ಟಿ. ಆಡಿಟರಮ್ಮ ಏನು ಮಾಡುತ್ತಾಳೆ: ಲಾಭ ನಷ್ಟದ ಲೆಕ್ಕ, ಆಸ್ತಿ ಸಾಲದ ಪಟ್ಟಿ, ರಿಟರ್ನ್ ತಯಾರಿ, ಸಲ್ಲಿಕೆ, ಸಲ್ಲಿಸಿದ್ದಕ್ಕೆ ರಸೀದಿ. ಏನು ಮಾಡುವುದಿಲ್ಲ: ದಿನದಿನದ ಲೆಕ್ಕ ಬರೆಯುವುದು, ಮುಂದೆ ನೋಟಿಸ್ ಬಂದರೆ ಉತ್ತರ ಕೊಡುವುದು, ಅದಕ್ಕೆ ಬೇರೆ ಶುಲ್ಕ. ಎಲ್ಲಾ ಕಾಗದ ಕೈಸೇರಿದ ದಿನದಿಂದ ಹತ್ತು ದಿನಕ್ಕೆ ಕರಡು. ದೊಡ್ಡಮ್ಮ ನೋಡಿ ಒಪ್ಪಿದ ಮೇಲೆ ಎರಡು ದಿನದಲ್ಲಿ ಸಲ್ಲಿಕೆ.

"ಅಯ್ಯೋ, ಇದು ನನ್ನ ಆರ್ಡರ್ ಚೀಟಿನೇ!" ದೊಡ್ಡಮ್ಮ ಮೇಜು ಕುಟ್ಟಿದಳು. "ಗಿರಾಕಿ ತಂದ ಬಟ್ಟೆ ಎಷ್ಟು, ಹೊಲಿಯೋದು ಏನು, ಟ್ರಯಲ್ ಯಾವತ್ತು, ಡೆಲಿವರಿ ಯಾವತ್ತು. ಕರಡು ಅಂದ್ರೆ ಟ್ರಯಲ್ಲು, ಅಲ್ವಾ?"

"ಹಾಗೇ ಅಂದ್ಕೊಳ್ಳಿ," ಎಂದು ಆಡಿಟರಮ್ಮ ನಕ್ಕಳು.

ಮುಂದಿನ ಸಾಲಿಗೆ ದೊಡ್ಡಮ್ಮನ ಮುಖ ಗಂಟಾಯಿತು. ಕೊಟ್ಟ ಮಾಹಿತಿ ನಿಜ ಮತ್ತು ಪೂರ್ತಿ ಎಂಬ ಹೊಣೆ ಗಿರಾಕಿಯದು ಎಂದಿತ್ತು. "ಶುಲ್ಕನೂ ನಾನೇ ಕೊಡ್ಬೇಕು, ಹೊಣೆನೂ ನಂದೇನಾ? ಚೆನ್ನಾಗಿದೆ!"

"ಅಮ್ಮಾ, ಅಳತೆ ಕೊಡುವಾಗ ಗಿರಾಕಿ ಹೊಟ್ಟೆ ಒಳಗೆ ಎಳ್ಕೊಂಡು ನಿಂತರೆ, ಆಮೇಲೆ ಗುಂಡಿ ಹಾಕೋಕೆ ಆಗದಿದ್ದರೆ ತಪ್ಪು ಯಾರದು?"

ದೊಡ್ಡಮ್ಮ ಪೆನ್ನು ಎಳೆದುಕೊಂಡು ಸಹಿ ಹಾಕಿದಳು. ಅವಳ ಬಾಯಿ ಮುಚ್ಚಿಸಿದವರನ್ನು ನಾನು ಅದೇ ಮೊದಲು ನೋಡಿದ್ದು. ಖುಷಿಯಿಂದ ಕುಣಿಯೋಣ ಅನ್ನಿಸಿತು.

ಮರುದಿನವೇ ಚೀಲದ ತುಂಬ ಕಾಗದ ಕೊಟ್ಟು ಬಂದೆವು. ಎರಡೇ ದಿನಕ್ಕೆ ಫೋನ್ ಬಂತು, ಬನ್ನಿ ಅಂತ. ಓಡಿದೆವು.

"ಬಿಲ್ ಪುಸ್ತಕ ಕೂಡಿಸಿ ನೋಡಿದೆ. ಆಸ್ಪತ್ರೆಯವರು ಕೇಳಿದ ಮಟ್ಟಕ್ಕೆ ಸ್ವಲ್ಪ ಕಡಿಮೆ ಬೀಳುತ್ತೆ," ಅಂದಳು ಆಡಿಟರಮ್ಮ.

ದೊಡ್ಡಮ್ಮ ಕುರ್ಚಿಯಲ್ಲಿ ಕುಸಿದಳು. "ಸ್ವಲ್ಪ ತಾನೇ? ಸೇರಿಸಿಬಿಡಿ," ಅಂದೇಬಿಟ್ಟೆ. ಆಡಿಟರಮ್ಮ ನನ್ನನ್ನು ನೋಡಿದ ನೋಟಕ್ಕೆ ನೆಲ ಬಿರಿದು ಕೆಳಗಿನ ಸೈಕಲ್ ಅಂಗಡಿಗೇ ಇಳಿದುಹೋಗಬಾರದೇ ಅನ್ನಿಸಿತು.

"ಇಲ್ಲದ್ದನ್ನ ಸೇರಿಸಲ್ಲ. ಆದರೆ ಇರೋದು ಬಿಟ್ಟುಹೋಗಿದ್ಯಾ ಅನ್ನೋದು ನನ್ನ ಅನುಮಾನ." ಆಕೆ ಒಂದು ಕಟ್ಟು ಬಿಲ್ ಎತ್ತಿದಳು. "ನೀವು ಹೊಲಿಯೋದು ಪರದೆ, ಹೊದಿಕೆ, ಏಪ್ರನ್. ಯಾವುದಕ್ಕೂ ಜಿಪ್ ಇಲ್ಲ. ವರ್ಷವಿಡೀ ಡಬ್ಬಿಗಟ್ಟಲೆ ಜಿಪ್ ಕೊಂಡಿದ್ದೀರಿ. ಉಳಿದ ಸಾಮಾನಿನ ಪಟ್ಟಿಯಲ್ಲೂ ಇಲ್ಲ. ಅಷ್ಟು ಜಿಪ್ಪು ಎಲ್ಲಿ ಹೋದವು?"

ದೊಡ್ಡಮ್ಮ ಸೆರಗಿನ ಅಂಚು ಹಿಡಿದಳು. "ಅದು... ರಿಪೇರಿದು. ಪ್ಯಾಂಟಿನ ಜಿಪ್ಪು, ಲಂಗದ ಅಂಚು, ಬಿಗಿ ಮಾಡೋದು, ಸಡಿಲ ಮಾಡೋದು. ಹೊಸ ಬಟ್ಟೆ ಕತ್ತರಿಸಿದರೆ ತಾನೇ ಬಿಲ್ಲು? ಅದೆಲ್ಲ ಹರಕು ಮುರುಕು ಕೆಲಸ ಅಮ್ಮಾ. ಅದರ ದುಡ್ಡು ಮನೆದು. ಹೇಳಿದರೆ ತಪ್ಪಾಗುತ್ತೇನೋ ಅಂತ..."

"ಹೇಳದಿದ್ದರೆ ತಪ್ಪು. ಹೇಳಿದರೆ ವ್ಯಾಪಾರ! ಗುರುತು ಏನಾದರೂ ಇದೆಯಾ?"

ಇತ್ತು. ರಿಪೇರಿಗೆ ಬಂದ ಪ್ರತಿ ಬಟ್ಟೆಗೂ ದೊಡ್ಡಮ್ಮ ಚೀಟಿ ಪಿನ್ ಮಾಡುತ್ತಾಳೆ: ಯಾರದು, ಏನು ಕೆಲಸ, ಎಷ್ಟು, ಯಾವತ್ತು. ಬಟ್ಟೆ ಕೊಟ್ಟಮೇಲೆ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚುತ್ತಾಳೆ. ಆ ದುಡ್ಡನ್ನು ವಾರಕ್ಕೊಮ್ಮೆ ತನ್ನ ಇನ್ನೊಂದು ಖಾತೆಗೆ ಕಟ್ಟುತ್ತಾಳೆ. ಮನೆಯ ಖಾತೆ ಅಂತ ಆ ಪಾಸ್‌ಬುಕ್ಕನ್ನು ಆಡಿಟರಿಗೆ ಕೊಟ್ಟೇ ಇರಲಿಲ್ಲ!

"ಎಲ್ಲಾ ಖಾತೆ ಅಂತ ಪತ್ರದಲ್ಲಿ ಬರೆದಿದ್ದೆ," ಅಂದಳು ಆಡಿಟರಮ್ಮ.

"ಹೊಟ್ಟೆ ಎಳ್ಕೊಂಡು ನಿಂತಿದ್ದೆ ಕಣಮ್ಮಾ," ಅಂದಳು ದೊಡ್ಡಮ್ಮ.

ಆಡಿಟರಮ್ಮ ಹಳೇ ಪತ್ರಕ್ಕೆ ಹೊಸ ಹಾಳೆ ಸೇರಿಸಿದಳು: ರಿಪೇರಿ ಚೀಟಿಗಳನ್ನು ಖಾತೆಯೊಂದಿಗೆ ತಾಳೆ ನೋಡುವ ಕೆಲಸ, ಅದಕ್ಕೆ ಶುಲ್ಕ. ಹತ್ತು ದಿನದ ಎಣಿಕೆ ಚೀಟಿ ಕೈಸೇರಿದ ಮೇಲೆಯೇ ಶುರು. ತಿಂಗಳ ಕೊನೆ ಕತ್ತಿನ ಮೇಲೆ ಕೂತಿತ್ತು. ಇಬ್ಬರೂ ಮತ್ತೆ ಸಹಿ ಹಾಕಿದರು.

ಅವತ್ತು ಮಧ್ಯಾಹ್ನ ತಂತಿಯಿಂದ ಚೀಟಿ ಇಳಿಸಿ ಕತ್ತರಿಸುವ ಮೇಜಿನ ಮೇಲೆ ಹರಡಿದೆವು. ತಿಂಗಳ ಪ್ರಕಾರ ಗುಡ್ಡೆ. ದೊಡ್ಡಪ್ಪ ಪೇಪರ್ ಮಡಿಚಿಟ್ಟು ಬಂದರು. ಒಂದೊಂದೇ ಚೀಟಿ ಎತ್ತಿ ಓದುತ್ತ ಹೋದರು. "ಬೇಕರಿಯವನ ಪ್ಯಾಂಟು... ಮೇಷ್ಟ್ರ ಕೋಟು... ಮತ್ತೆ ಬೇಕರಿಯವನು, ಸಡಿಲ ಮಾಡೋದು..." ಆಮೇಲೆ ಗುಡ್ಡೆಗಳನ್ನು ಒಂದೊಂದಾಗಿ ಎಣಿಸಿದರು. "ಇಷ್ಟೆಲ್ಲ ಯಾವಾಗ ಮಾಡಿದೆ ನೀನು?"

"ನೀವು ಟೈಂಪಾಸ್ ಅಂತಿದ್ರಲ್ಲ, ಆಗ."

ಕರಡು ನೋಡುವ ದಿನ ದೊಡ್ಡಮ್ಮ ಒಳ್ಳೆ ಸೀರೆ ಉಟ್ಟಳು. ಚೀಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗಿತ್ತು. ಅವಳ ಬೆರಳು ಸಾಲು ಸಾಲಾಗಿ ಇಳಿದು 'ಒಟ್ಟು ವ್ಯಾಪಾರ' ಎಂಬಲ್ಲಿ ನಿಂತಿತು. ಆಸ್ಪತ್ರೆಯವರ ಮಟ್ಟ ದಾಟಿತ್ತು! ನಾನು ಕಿರುಚಿದೆ, ಕೆಳಗೆ ಸೈಕಲ್ ಅಂಗಡಿಯವನು ಗಾಬರಿಯಾಗಿ ಮೇಲೆ ಓಡಿಬಂದ. ದೊಡ್ಡಮ್ಮ ಮಾತ್ರ ಮೆಲ್ಲಗೆ ಕೇಳಿದಳು, "ಇದು ಪೂರ್ತಿ ನಂದೇನಾ?"

"ನಿಮ್ಮದೇ. ಟ್ರಯಲ್ ಸರಿ ಇದೆಯಾ?"

"ಎಲ್ಲೂ ಬಿಗಿ ಇಲ್ಲ."

ರಿಟರ್ನ್ ಹೋಯಿತು, ರಸೀದಿ ಬಂತು, ಗಡುವಿನ ಹಿಂದಿನ ದಿನ ರಿಟರ್ನಿನ ಪ್ರತಿ ಸೇರಿಸಿದ ಅರ್ಜಿಯನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಬಂದೆವು. ಮುಂದಿನ ತಿಂಗಳು ಆರ್ಡರ್ ಕೂಡ ಬಂತು. ಮೂರನೇ ಯಂತ್ರವನ್ನು ಒಳಗೆ ತರಲು ಬಾಗಿಲನ್ನೇ ಕಳಚಬೇಕಾಯಿತು.

ಆ ಗಲಾಟೆಯ ನಡುವೆ ದೊಡ್ಡಪ್ಪ ತಮ್ಮ ಹಳೇ ಪ್ಯಾಂಟು ಹಿಡಿದು ಬಂದರು. "ಇದರ ಜಿಪ್ಪು ಹೋಗಿದೆ. ಪುರುಸೊತ್ತಾದಾಗ ನೋಡೇ."

ದೊಡ್ಡಮ್ಮ ತಲೆ ಎತ್ತಲಿಲ್ಲ. ಚೀಟಿ ಬರೆದು ಪ್ಯಾಂಟಿಗೆ ಪಿನ್ ಮಾಡಿದಳು. "ಗುರುವಾರ ಬನ್ನಿ. ದುಡ್ಡು ತನ್ನಿ."

ಗುರುವಾರ ದೊಡ್ಡಪ್ಪ ಜೇಬಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟರು. ಚೀಟಿಯನ್ನು ತಾವೇ ತಂತಿಗೆ ಚುಚ್ಚಿದರು.