ತಿದ್ದಬಹುದಾಗಿದ್ದ ಹದಿನೆಂಟು ದಿನ

ಮಧುಗಿರಿಯ ನಮ್ಮ ಜವಳಿ ಅಂಗಡಿಯಲ್ಲಿ ವ್ಯಾಪಾರ ಅಣ್ಣಯ್ಯನದು, ಬರವಣಿಗೆ ನನ್ನದು. ವರಮಾನ ತೆರಿಗೆಯ ರಿಟರ್ನನ್ನು ನಾನು ಬರೆದರೆ ಅವನು ಓದದೆ ಸಹಿ ಹಾಕುತ್ತಿದ್ದ. ಆ ವರ್ಷ ಮಸಿ ಹರಡಿತೆಂದು ಹೆದರಿ ಎರಡು ಸಲ ಹೊಸದಾಗಿ ಬರೆದಿದ್ದೆ. ನನ್ನ ಹೆದರಿಕೆಗಳೆಲ್ಲ ಬೇಡದ ಕಡೆಗೇ ಹೋಗುತ್ತವೆ.

ರಿಟರ್ನು ತುಮಕೂರಿನ ತೆರಿಗೆ ಕಚೇರಿಗೆ ಹೋದ ಮೇಲೆ ಶಿರಾದ ಎಣ್ಣೆ ಗಿರಣಿಯಿಂದ ಕಾಗದ ಬಂತು. ಅಣ್ಣಯ್ಯ ಅಲ್ಲಿಟ್ಟಿದ್ದ ಠೇವಣಿಯ ಹೋದ ವರ್ಷದ ಬಡ್ಡಿಯನ್ನು ಅವನ ಹೆಸರಿಗೆ ಜಮಾ ಮಾಡಿ ಅಸಲಿಗೆ ಸೇರಿಸಿದ್ದರಂತೆ. ನಗದು ಕೈಗೆ ಬಾರದ್ದರಿಂದ ನಮ್ಮ ಪುಸ್ತಕದಲ್ಲಿ ಅದಿರಲಿಲ್ಲ, ರಿಟರ್ನಿನಲ್ಲೂ ಇರಲಿಲ್ಲ. ಜಮಾ ಆದ ಬಡ್ಡಿಯೂ ವರಮಾನವೇ ಎಂದು ಆಗ ಹೊಳೆಯಿತು. ಅಧಿಕಾರಿ ತೆರಿಗೆ ನಿಗದಿಯ ಹುಕುಂ ಬರೆಯುವುದರೊಳಗೆ ತಿದ್ದಿದ ರಿಟರ್ನು ಕೊಡಬಹುದಿತ್ತು. ಬೇಕಾಗಿದ್ದುದು ಅಣ್ಣಯ್ಯನ ಒಂದು ಸಹಿ. ಅದನ್ನು ಕೇಳಬೇಕಾದರೆ ನನ್ನ ತಪ್ಪು ಹೇಳಬೇಕಿತ್ತು.

ಕಾಗದವನ್ನು ಒಳಜೇಬಿನಲ್ಲಿಟ್ಟುಕೊಂಡು ಹದಿನೆಂಟು ದಿನ ಓಡಾಡಿದೆ.

"ಯಾಕ್ಲಾ ಇಂಗೆ ಬಾಡೋಗಿದ್ದೀಯ? ಸುಂಟಿ ಕಷಾಯನಾದ್ರೂ ಕುಡಿ" ಎಂದ ಅಣ್ಣಯ್ಯ. ಕುಡಿದೆ. ಹೇಳಲಿಲ್ಲ.

ಹತ್ತೊಂಬತ್ತನೆಯ ದಿನ ಅಧಿಕಾರಿ ಮಧುಗಿರಿಗೆ ಕ್ಯಾಂಪು ಬಂದು, ನೋಟೀಸು ಕೊಟ್ಟಂತೆ ನಮ್ಮ ಪುಸ್ತಕಗಳನ್ನು ತರಿಸಿದರು. ಗಿರಣಿಯ ಲೆಕ್ಕದ ನಕಲು ಆಗಲೇ ಅವರ ಮೇಜಿನ ಮೇಲಿತ್ತು.

"ಈ ಬಡ್ಡಿ ಎಲ್ಲಿ?" ಎಂದರು.

ಅಣ್ಣಯ್ಯ ನನ್ನ ಮುಖ ನೋಡಿದ. ನಾನು ಒಳಜೇಬಿನಿಂದ ಕಾಗದ ತೆಗೆದುಕೊಟ್ಟೆ. ಅಧಿಕಾರಿ ತಾರೀಖು ನೋಡಿದರು.

"ಇದು ಬಂದಾಗಲೇ ತಿದ್ದಿಕೊಟ್ಟಿದ್ದರೆ ಬರೀ ತೆರಿಗೆ ಕಟ್ಟಿ ಮನೆಗೆ ಹೋಗ್ತಿದ್ದಿರಿ. ಈಗಲೂ ಕೊಡಿ, ನಾನಿನ್ನೂ ಹುಕುಂ ಬರೆದಿಲ್ಲ. ಆದರೆ ನಾವು ಹಿಡಿದ ಮೇಲೆ ಕೊಟ್ಟದ್ದರಿಂದ ದಂಡ ತಪ್ಪುವುದಿಲ್ಲ. ಮುಚ್ಚಿಟ್ಟವರು ಯಾರು?"

"ನಾನೇ ಸ್ವಾಮಿ" ಎಂದ ಅಣ್ಣಯ್ಯ. "ಇವನ ಜೇಬಲ್ಲಿ ನಾನೇ ಇಕ್ಸಿದ್ದೆ."

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಯಾರ ಮಾತಿಗೆ ಇಡೀ ಪೇಟೆ ಬೆಲೆ ಕೊಡುತ್ತಿತ್ತೋ ಆ ಮನುಷ್ಯ ಅಲ್ಲಿ ಕಳ್ಳನಂತೆ ತಲೆ ತಗ್ಗಿಸಿ ನಿಂತಿದ್ದ.

ದಾರಿಯಲ್ಲಿ ಒಂದೇ ಮಾತು ಕೇಳಿದ: "ಹೇಳಿದ್ರೆ ನಿನ್ನ ತಿಂದ್ಬುಡ್ತಿದ್ನೇನ್ಲಾ?"

ತೆರಿಗೆಯ ಜೊತೆಗೆ ದಂಡವೂ ಬಿತ್ತು. ಮೇಲ್ಮನವಿಗೆ ಮೂವತ್ತು ದಿನವಿತ್ತು. ನಿಜ ಹೇಳಿ ಬರೆದುಕೊಡುತ್ತೇನೆಂದೆ. "ನನ್ನ ಬಾಯಲ್ಲಿ ಸುಳ್ಳು ಬಂದಾಯ್ತು. ಅದನ್ನ ಇನ್ನೊಂದ್ ಸಲ ಊರ್ಗೆ ತೋರಿಸ್ಬೇಕಾ? ಕಟ್ಬುಡು" ಎಂದ.

ಮರುವರ್ಷ ರಿಟರ್ನನ್ನು ಅವನ ಮುಂದಿಟ್ಟೆ. ಅವನು ಕನ್ನಡಕ ಒರೆಸಿ ಹಾಕಿಕೊಂಡು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ. ನಾನು ಪಕ್ಕದಲ್ಲಿ ನಿಂತೇ ಇದ್ದೆ. ಕೂತ್ಕೋ ಎನ್ನಲಿಲ್ಲ.