ಪದ್ಮಶ್ರೀ ಕಳುಹಿಸದ ಲೋಸರ್ ಶುಭಾಶಯ

೨೦೨೫ರ ಫೆಬ್ರವರಿ ೨೮, ಶುಕ್ರವಾರ. ಶಿಶಿರ ಋತು, ಬೆಳಗ್ಗೆ ತೆಳುಮಂಜು. ಅಂದು ಹತ್ತಿರದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಹೊಸವರ್ಷವಾದ ಲೋಸರ್. ಪಿರಿಯಾಪಟ್ಟಣದ ಜವಳಿ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಅಂಗಡಿಯ ಫೋನಿನಿಂದ ಹಬ್ಬದ ಶುಭಾಶಯ ಕಳುಹಿಸುವುದು ಪದ್ಮಶ್ರೀಯ ಕೆಲಸ. ರಂಜಾನಿಗಾಗಲಿ ಯುಗಾದಿಗಾಗಲಿ, ಅವರವರ ಮಕ್ಕಳ ಹೆಸರು ಹಿಡಿದು ತನ್ನ ದನಿಯಲ್ಲೇ ಹಾರೈಸುತ್ತಿದ್ದಳು.

ಮಾಲೀಕ ಯತೀಶ್ ಅಂಗಡಿಯ ಹೆಸರಿದ್ದ ಒಂದು ಚಿತ್ರ ತೋರಿಸಿದ.

"ಬೈಲಕುಪ್ಪೆಯೋರಿಗೆಲ್ಲಾ ಇದ್ನೇ ಕಳ್ಸಮ್ಮ. ನಿನ್ನ ಆಕಾಶವಾಣಿ ಸಾಕು."

"ಡೋಲ್ಮಾ ಅವ್ರಿಗೆ ಕಳ್ಸಾಕಿಲ್ಲ, ಸಾರ್. ದೀಪಾವಳೀಲಿ ಅವರಪ್ಪ ತೀರ್ಕೊಂಡ್ರು. ಈ ವರ್ಸ ಅವರ ಮನೇಲಿ ಲೋಸರ್ ಮಾಡಾಕಿಲ್ಲ."

"ಒಬ್ರಿಗೋಸ್ಕರ ಯಾಕಮ್ಮ ರಗಳೆ? ಕಳ್ಸು, ಇಲ್ಲಾ ಕೆಲಸ ಬುಡು."

"ನಿಮ್ಮನೇಲಿ ಸಾವಾದ ವರ್ಸ ಯಾರಾರ ಒಬ್ಬಟ್ಟು ತಂದ್ಕೊಟ್ಟು ನಗ್ತಾ ನಿಂತ್ರೆ ಸುಮ್ಕಿರ್ತೀರಾ? ಕೆಲಸ ಬುಟ್ಟೆ ಕಣ್ರೀ!"

ಫೋನನ್ನು ಗಲ್ಲಾದ ಮೇಲಿಟ್ಟು ಆಕೆ ಹೊರನಡೆದಳು.

ಚಿತ್ರವನ್ನು ಯತೀಶನೇ ಎಲ್ಲರಿಗೂ ಕಳುಹಿಸಿದ. ಡೋಲ್ಮಾ ಮತ್ತೆ ಆ ಅಂಗಡಿಗೆ ಬರಲಿಲ್ಲ. ಪದ್ಮಶ್ರೀ ಏಪ್ರಿಲ್ ೧೪ರಂದು ಬೈಲಕುಪ್ಪೆ ರಸ್ತೆಯಲ್ಲಿ ಹೊಲಿಗೆ ಅಂಗಡಿ ತೆರೆದಳು. ೨೦೨೬ರ ಫೆಬ್ರವರಿ ೧೮, ಬುಧವಾರದ ಲೋಸರಿಗೆ ಡೋಲ್ಮಾ ಮನೆಯವರ ಉಡುಪುಗಳನ್ನು ಆಕೆಯೇ ಹೊಲಿದಳು.